ಕೆನಡಾದಲ್ಲಿ ಮನೆ ಸಾಲ: ಸಾಲಗಾರ ತೀರಿಕೊಂಡರೆ ಯಾವ ಇನ್ಶೂರೆನ್ಸ್ ಕೈ ಹಿಡಿಯುತ್ತದೆ?

ಕೆನಡಾಗೆ ಬಂದು ಮನೆ ಕೊಂಡ ನಮ್ಮವರಲ್ಲಿ ಅನೇಕರು "ನಮ್ಮ ಸಾಲಕ್ಕೆ ಇನ್ಶೂರೆನ್ಸ್ ಇದೆ" ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಯಾವ ಇನ್ಶೂರೆನ್ಸ್ ಅಂತ ಕೇಳಿದರೆ, ಕೆನಡಾ ಸರ್ಕಾರದ ವಸತಿ ಸಂಸ್ಥೆ ಸಿಎಂಎಚ್‌ಸಿಯದು ಅಂತಾರೆ. ಅದು ನಿಮಗಲ್ಲ, ಬ್ಯಾಂಕಿಗೆ. 5 ಲಕ್ಷ ಡಾಲರ್ ಮನೆಗೆ 50 ಸಾವಿರ ಕೈಯಿಂದ ಹಾಕಿ, 4.5 ಲಕ್ಷ ಸಾಲ ಮಾಡಿದಿರಿ ಅನ್ನಿ. ಡೌನ್ ಪೇಮೆಂಟ್ 20% ಗಿಂತ ಕಡಿಮೆ ಆಯ್ತಲ್ಲ, ಹಾಗಾಗಿ ಸಾಲದ 3.1%, ಅಂದರೆ 13,950 ಡಾಲರ್ ಪ್ರೀಮಿಯಂ. ಇದನ್ನು ಸಾಮಾನ್ಯವಾಗಿ ಸಾಲಕ್ಕೇ ಸೇರಿಸುತ್ತಾರೆ. ನೀವು ಕಂತು ಕಟ್ಟದೆ ಬ್ಯಾಂಕಿಗೆ ನಷ್ಟವಾದರೆ ಅದನ್ನು ತುಂಬಿಕೊಡುವುದಷ್ಟೇ ಅದರ ಕೆಲಸ. ನೀವು ಸತ್ತರೆ ನಿಮ್ಮ ಮನೆಯವರಿಗೆ ಅದರಿಂದ ಒಂದು ಪೈಸೆಯೂ ಇಲ್ಲ.

ಸಾವಿಗೆ ಇರುವುದು ಬೇರೆ, ಸಾಲಗಾರ ತೀರಿಕೊಂಡರೆ ಉಳಿದ ಸಾಲ ತೀರಿಸುವ ಮಾರ್ಟ್‌ಗೇಜ್ ಲೈಫ್ ಇನ್ಶೂರೆನ್ಸ್. ಸಾಲದ ಕಾಗದಗಳ ಜೊತೆ ಬ್ಯಾಂಕಿನವರು ಅದರ ಅರ್ಜಿಯನ್ನೂ ಮುಂದಿಡುತ್ತಾರೆ. ಆರೋಗ್ಯದ ಬಗ್ಗೆ ನಾಲ್ಕಾರು ಪ್ರಶ್ನೆ, ಹೌದು ಅಥವಾ ಇಲ್ಲ. ಇದು ಕಡ್ಡಾಯವಲ್ಲ ಅನ್ನುವುದು ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೋಗುವುದಿಲ್ಲ.

ಏಟು ಬೀಳುವುದು ಇಲ್ಲೇ. ಎಷ್ಟೋ ಸಲ ನಿಮ್ಮ ಉತ್ತರಗಳನ್ನು ಆಗ ಯಾರೂ ಪರೀಕ್ಷಿಸುವುದಿಲ್ಲ. ಕ್ಲೇಮ್ ಬಂದಮೇಲೆ ಡಾಕ್ಟರ ದಾಖಲೆ ತರಿಸಿ ನೋಡುತ್ತಾರೆ. ಪರಿಚಯದ ಒಬ್ಬರು ಬಿಪಿ ಮಾತ್ರೆ ನುಂಗುತ್ತಿದ್ದರು. "ಅದೇನು ಕಾಯಿಲೆನಾ?" ಅಂತ 'ಇಲ್ಲ'ಕ್ಕೆ ಗುರುತು ಹಾಕಿದ್ದರು. ವರ್ಷ ತುಂಬುವ ಮೊದಲೇ ಹೃದಯಾಘಾತ. ಕ್ಲೇಮ್ ತಿರಸ್ಕಾರವಾಯಿತು, ಕಟ್ಟಿದ ಪ್ರೀಮಿಯಂ ವಾಪಸ್ ಬಂತು, ಸಾಲ ಹಾಗೇ ಉಳಿಯಿತು. ಆದ್ದರಿಂದ ಶುಗರ್, ಬಿಪಿ, ಡಾಕ್ಟರು ಬರೆದುಕೊಟ್ಟು ನೀವು ಮಾಡಿಸದೇ ಬಿಟ್ಟ ಟೆಸ್ಟ್, ಎಲ್ಲ ಬರೆಯಿರಿ. ಬರೆದದ್ದರ ಪ್ರತಿ ಇಟ್ಟುಕೊಳ್ಳಿ.

ನನ್ನ ಕೇಳಿದರೆ ಪ್ರತ್ಯೇಕ ಟರ್ಮ್ ಪಾಲಿಸಿಯೇ ವಾಸಿ. ರಕ್ತಪರೀಕ್ಷೆ, ವಿಚಾರಣೆ ಸಾಮಾನ್ಯವಾಗಿ ಪಾಲಿಸಿ ಕೊಡುವ ಮೊದಲೇ ಮುಗಿಯುತ್ತದೆ. ಬ್ಯಾಂಕಿನದರಲ್ಲಿ ಸಾಲ ಕರಗಿದಂತೆ ಪರಿಹಾರವೂ ಕರಗುತ್ತದೆ, ಪ್ರೀಮಿಯಂ ಮಾತ್ರ ಸಾಮಾನ್ಯವಾಗಿ ಇಳಿಯುವುದಿಲ್ಲ. ಹಣ ನೇರ ಬ್ಯಾಂಕಿಗೇ ಹೋಗುತ್ತದೆ. ಟರ್ಮ್ ಪಾಲಿಸಿಯ ಹಣ ನೀವು ನಾಮಿನಿ ಮಾಡಿದ ಹೆಂಡತಿಯ ಕೈಗೆ ಬರುತ್ತದೆ. ಸಾಲ ತೀರಿಸುವುದೋ, ಕಂತು ಕಟ್ಟುತ್ತಾ ಮಕ್ಕಳ ಓದಿಗೆ ಇಡುವುದೋ, ಅವರೇ ತೀರ್ಮಾನಿಸಬಹುದು.

ಇನ್ಶೂರೆನ್ಸೇ ಇಲ್ಲದಿದ್ದರೆ? ಇಬ್ಬರೂ ಸಾಲಕ್ಕೆ ಸಹಿ ಹಾಕಿದ್ದರೆ ಪೂರ್ತಿ ಸಾಲ ಉಳಿದವರ ಹೆಗಲಿಗೆ. ಸಹಿ ಹಾಕದ ಮಗನ ಸಂಬಳಕ್ಕೆ ಸಾಮಾನ್ಯವಾಗಿ ಬ್ಯಾಂಕ್ ಕೈ ಹಾಕುವಂತಿಲ್ಲ, ಆದರೆ ಮನೆಯ ಮೇಲಿನ ಹಕ್ಕು ಬಿಡುವುದಿಲ್ಲ. ತೀರಿಕೊಂಡವರ ಖಾತೆ ಸ್ಥಗಿತವಾದರೆ ಅದರಿಂದ ಹೋಗುತ್ತಿದ್ದ ಕಂತು ತಪ್ಪುತ್ತದೆ. ಉಯಿಲು ಇಲ್ಲದಿದ್ದರೆ ಆಸ್ತಿ ನೋಡಿಕೊಳ್ಳುವವರನ್ನು ಕೋರ್ಟು ನೇಮಿಸಬೇಕು, ಅಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಬ್ಯಾಂಕಿಗೆ ಕೂಡಲೇ ತಿಳಿಸಿ, ಕಂತು ಬೇರೆ ಖಾತೆಯಿಂದ ಕಟ್ಟುತ್ತಿರಿ. ಮನೆ ಉಳಿಸಿಕೊಳ್ಳಬೇಕೆಂದರೆ ವಾರಸುದಾರರು ತಮ್ಮ ಆದಾಯದ ಮೇಲೆ ಹೊಸ ಸಾಲಕ್ಕೆ ಅರ್ಹರಾಗಬೇಕಾಗಬಹುದು. ಕೆಲಸವಿಲ್ಲದ ಸಂಗಾತಿಗೆ ಅದು ಸಿಗುವುದು ಕಷ್ಟ.