ಡಿಫರೆನ್ಸ್ ಸರಿ, ಬಾರೋ ತಪ್ಪು: ನನ್ನ ಅನುಭವ

ಶಿವಮೊಗ್ಗದ ರೂಮಿನಲ್ಲಿ, ಹೊರಗೆ ಜಡಿಮಳೆ. ಬ್ರೆಡ್‌ಬೋರ್ಡ್ ಮೇಲೆ 74138 ಡಿಕೋಡರ್ ಇಟ್ಟು ಫುಲ್ ಸಬ್‌ಟ್ರಾಕ್ಟರ್ ಮಾಡುತ್ತಿದ್ದೆ. X ನಿಂದ Y ಮತ್ತು Z ಎರಡನ್ನೂ ಕಳೆಯಬೇಕು; D ಅಂದರೆ ಡಿಫರೆನ್ಸ್, Bo ಅಂದರೆ ಬಾರೋ, ಅಂದರೆ ಮುಂದಿನ ಸ್ಥಾನದಿಂದ ತರುವ ಸಾಲ. ಲೆಕ್ಕ ಸುಲಭ:

```
X - Y - Z
D  = Σm(1,2,4,7)
Bo = Σm(1,2,3,7)
```

ಈ ಚಿಪ್‌ನಲ್ಲಿ ಆಯ್ಕೆಯಾದ ಔಟ್‌ಪುಟ್ ಮಾತ್ರ ಸೊನ್ನೆ, ಉಳಿದ ಏಳೂ ಒಂದು. ಹಾಗಾಗಿ ಆರ್ ಗೇಟ್ ಹಾಕಿದರೆ ಯಾವಾಗಲೂ ಒಂದೇ ಬರುತ್ತದೆ. ನಾಲ್ಕು ಇನ್‌ಪುಟ್‌ನ ನ್ಯಾಂಡ್ ಬೇಕು. ಒಂದು 7420ರಲ್ಲಿ ಎರಡಿವೆ, ಸಾಕು.

ಮೊದಲು ಎರಡೂ ಎಲ್‌ಇಡಿ ಹೊತ್ತಲೇ ಇಲ್ಲ. ಎನೇಬಲ್ ತಪ್ಪಾಗಿತ್ತು. 6ನೇ ಪಿನ್ ಐದು ವೋಲ್ಟ್‌ಗೆ, 4 ಮತ್ತು 5 ಗ್ರೌಂಡ್‌ಗೆ ಕೊಟ್ಟೆ. ಜೀವ ಬಂತು.

ಆಮೇಲೆ ಶುರುವಾಯಿತು ನಿಜವಾದ ತಲೆನೋವು. ಎಂಟೂ ಸಾಲಿನಲ್ಲಿ ಡಿಫರೆನ್ಸ್ ಸರಿ. ಬಾರೋ ಮಾತ್ರ 001, 011, 100, 110ರಲ್ಲಿ ಉಲ್ಟಾ. ಗೇಟ್ ಕೆಟ್ಟಿದೆ ಅಂತ ಸುಮ್ನೆ ಚಿಪ್ ಬದಲಿಸಿದೆ. ಅದೇ ಕಥೆ.

ಕೊನೆಗೆ ಹೊಳೆಯಿತು. 74138ರಲ್ಲಿ A ಇನ್‌ಪುಟ್ ಅಂದರೆ ಅತಿ ಕಡಿಮೆ ಸ್ಥಾನಬೆಲೆಯ ಬಿಟ್. ನಾನು X ಅನ್ನು ಅದಕ್ಕೇ ಕೊಟ್ಟಿದ್ದೆ. ಹೀಗಾದರೆ 001 ಹೋಗಿ ಚಿಪ್‌ನ Y4 ಔಟ್‌ಪುಟ್ ತಟ್ಟುತ್ತದೆ. ಡಿಫರೆನ್ಸ್‌ನಲ್ಲಿ 1ರ ಜೊತೆ 4 ಕೂಡ ಇದೆಯಲ್ವಾ, ಹಾಗಾಗಿ ತಪ್ಪು ಕಾಣಲಿಲ್ಲ. ಫುಲ್ ಆಡರ್ ಆಗಿದ್ದರೆ ಎರಡೂ ಔಟ್‌ಪುಟ್ ಸರಿಯೇ ಬರುತ್ತಿದ್ದವು! X ಅನ್ನು 3ನೇ ಪಿನ್‌ಗೆ, Z ಅನ್ನು 1ನೇ ಪಿನ್‌ಗೆ ಬದಲಿಸಿದೆ. ಎಂಟೂ ಸಾಲು ಸರಿಹೋಯಿತು.