ಬರ್ನ್‌ಔಟ್ ಪ್ರಕರಣದ ಪ್ರಶ್ನೆ: ಯೋಗ, ಧ್ಯಾನ ಎಂದು ಬರೆಯುವ ಮುಂಚೆ

ಸಾಂಸ್ಥಿಕ ವರ್ತನೆಯ ಪತ್ರಿಕೆಯಲ್ಲಿ ಒತ್ತಡದ ಮೇಲೆ ಪ್ರಕರಣ ಕೊಟ್ಟರೆ ಹೆಚ್ಚಿನ ಉತ್ತರಗಳು ಒಂದೇ ಅಚ್ಚಿನಲ್ಲಿ ಬರುತ್ತವೆ: ಒತ್ತಡದ ವ್ಯಾಖ್ಯೆ, ಲಕ್ಷಣಗಳ ಪಟ್ಟಿ, ಕೊನೆಗೆ ಯೋಗ, ಧ್ಯಾನ, ವಾಕಿಂಗ್. ಪ್ರಕರಣದಲ್ಲಿರುವ ಮನುಷ್ಯ ಉತ್ತರದಲ್ಲಿ ಎಲ್ಲೂ ಕಾಣುವುದಿಲ್ಲ. ಅಂಕ ಹೋಗುವುದು ಇಲ್ಲೇ.

ಒಂದು ಮಾದರಿ ಪ್ರಕರಣ ನೋಡೋಣ. ಬ್ಯಾಂಕ್ ಶಾಖೆಯೊಂದರಲ್ಲಿ ಸಾಲ ವಿಭಾಗದ ಅಧಿಕಾರಿ. ತಿಂಗಳಿಗೆ 40 ಸಾಲ ಮಂಜೂರಾಗಬೇಕು ಎಂಬುದು ಶಾಖಾ ವ್ಯವಸ್ಥಾಪಕರ ಆದೇಶ. ಪ್ರತಿ ಅರ್ಜಿದಾರರ ಮನೆಗೂ ಖುದ್ದಾಗಿ ಹೋಗಿ ಪರಿಶೀಲಿಸದೆ ಕಡತ ಕಳಿಸಬೇಡಿ ಎನ್ನುವುದು ಪ್ರಾದೇಶಿಕ ಕಚೇರಿಯ ಸೂಚನೆ. ಎಂಟು ತಿಂಗಳಾದ ಮೇಲೆ ಅವರು ಒಂದು ವಾರ ರಜೆ ಹಾಕಿ ಬಂದರೂ ದಣಿವು ಇಳಿದಿಲ್ಲ. ಗ್ರಾಹಕರ ಹೆಸರು ಬಿಟ್ಟು ‘ಆ ಕಡತ ಬಂದಿದೆ’ ಎನ್ನುತ್ತಾರೆ. ‘ನಾನು ಮಾಡಿದ್ದರಿಂದ ಯಾರಿಗೂ ಏನೂ ಆಗಿಲ್ಲ’ ಎಂದು ಸಹೋದ್ಯೋಗಿಯ ಹತ್ತಿರ ಹೇಳುತ್ತಾರೆ. ಸಂಜೆ ಕುಡಿಯುವುದು ಹೆಚ್ಚಾಗಿದೆ.

ಮೊದಲು ಪ್ರಶ್ನೆಯ ಕೊನೆಯ ಸಾಲು ಓದಿ. ಕಾರಣ ಕೇಳಿದ್ದಾರೋ, ಪರಿಹಾರವೋ, ಎರಡೂ ಬೇಕೋ ನೋಡಿಕೊಳ್ಳಿ.

ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಕಾರಣವೋ, ಲಕ್ಷಣವೋ, ಆ ವ್ಯಕ್ತಿ ಈಗಾಗಲೇ ಹಿಡಿದಿರುವ ದಾರಿಯೋ ಎಂದು ಗುರುತು ಹಾಕಿ. ಕುಡಿತವನ್ನು ಲಕ್ಷಣದ ಸಾಲಿಗೆ ಸೇರಿಸಿಬಿಡುವವರೇ ಹೆಚ್ಚು. ಇಲ್ಲಿ ಅದು ನಿಭಾಯಿಸುವ ದಾರಿಯೂ ಹೌದು: ಸಮಸ್ಯೆಯನ್ನು ಮುಟ್ಟದೆ, ಅದರಿಂದಾಗುವ ನೋವನ್ನು ಸ್ವಲ್ಪ ಹೊತ್ತು ಮರೆಸುವ ದಾರಿ. ಹಾಗೆ ಹೆಸರಿಸಿದರೆ ಮುಂದಿನ ಭಾಗಕ್ಕೆ ಆಧಾರ ಸಿಗುತ್ತದೆ.

ಕಾರಣಕ್ಕೆ ಸರಿಯಾದ ಹೆಸರು ಕೊಡಿ. ಏನು ಮಾಡಬೇಕೆಂದೇ ತಿಳಿಯದಿದ್ದರೆ ಅದು ಪಾತ್ರದ ಅಸ್ಪಷ್ಟತೆ. ಇಲ್ಲಿ ಎರಡು ಆದೇಶಗಳೂ ಸ್ಪಷ್ಟವಾಗಿವೆ, ಆದರೆ ಒಂದನ್ನು ಪಾಲಿಸಿದರೆ ಇನ್ನೊಂದು ತಪ್ಪುತ್ತದೆ. ಆದ್ದರಿಂದ ಇದು ಪಾತ್ರ ಸಂಘರ್ಷ. ಮನೆಮನೆ ಸುತ್ತುತ್ತ 40 ಸಾಲ ಮುಗಿಸಬೇಕಾದ್ದರಿಂದ ಕೆಲಸದ ಹೊರೆಯೂ ಇದೆ. ಅದನ್ನು ಎರಡನೆಯ ಕಾರಣವಾಗಿ ಬರೆಯಿರಿ.

ಎಲ್ಲರೂ ಎಡವುವುದು ಇದರ ನಂತರ: ಇದು ಬರೀ ಒತ್ತಡವೋ, ಕೆಲಸದ ಒತ್ತಡ ಬಹುಕಾಲ ಮುಂದುವರಿದು ಮನುಷ್ಯ ಬರಿದಾಗುವ ಬರ್ನ್‌ಔಟೋ? ‘ಸುಸ್ತಾಗಿದೆ’ ಎಂಬ ಒಂದು ಮಾತು ಕಂಡ ಕೂಡಲೇ ಬರ್ನ್‌ಔಟ್ ಎಂದು ಬರೆಯಬೇಡಿ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಸ್ಲಾಕ್ ಗುರುತಿಸಿದ ಮೂರು ಮುಖಗಳಿಗೆ ಒಂದೊಂದು ಸಾಕ್ಷಿಯನ್ನು ಪ್ರಕರಣದೊಳಗೇ ಹುಡುಕಿ. ರಜೆಗೂ ಇಳಿಯದ ದಣಿವು ಭಾವನಾತ್ಮಕ ಬಳಲಿಕೆಗೆ ಸಾಕ್ಷಿ. ಗ್ರಾಹಕರು ‘ಕಡತ’ವಾದದ್ದು ಜನರಿಂದ ದೂರ ಸರಿದು ಸಿನಿಕತನಕ್ಕೆ ಇಳಿದುದಕ್ಕೆ ಸಾಕ್ಷಿ. ‘ಯಾರಿಗೂ ಏನೂ ಆಗಿಲ್ಲ’ ಎಂಬ ಮಾತು ಸಾಧನೆಯ ಭಾವ ಕುಗ್ಗಿರುವುದಕ್ಕೆ ಸಾಕ್ಷಿ. ಮೂರೂ ಸಿಕ್ಕಿವೆ, ತಿಂಗಳುಗಟ್ಟಲೆ ನಡೆದಿದೆ. ಈಗ ಬರ್ನ್‌ಔಟ್ ಎಂದು ಧೈರ್ಯವಾಗಿ ಬರೆಯಬಹುದು. ಬಳಲಿಕೆ ಮಾತ್ರ ಇದ್ದು, ‘ಮಾರ್ಚ್ ಮುಗಿದರೆ ಸಾಕು, ಎಲ್ಲ ಸರಿಹೋಗುತ್ತದೆ’ ಎಂದು ಆ ಅಧಿಕಾರಿ ಹೇಳಿದ್ದರೆ ಅದು ಒತ್ತಡ. ಬರ್ನ್‌ಔಟ್ ಅನ್ನು ಕಾಯಿಲೆ ಎಂದೂ ಕರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳನ್ನು ವರ್ಗೀಕರಿಸುವ ತನ್ನ ಐಸಿಡಿ-11 ಪಟ್ಟಿಯಲ್ಲಿ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆಯೇ ಹೊರತು ವೈದ್ಯಕೀಯ ಸ್ಥಿತಿ ಎಂದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಕೊಳ್ಳುವ ಗೈಡುಗಳು ಈ ಮೂರು ಮುಖಗಳನ್ನು ಹೊಟ್ಟೆನೋವು, ತಲೆನೋವಿನ ಜೊತೆ ಒಂದೇ ಪಟ್ಟಿಯಲ್ಲಿ ಸುರಿದಿರುತ್ತವೆ. ಅದನ್ನು ಬಾಯಿಪಾಠ ಮಾಡಿದರೆ ಪ್ರಕರಣ ಓದಲು ಬರುವುದಿಲ್ಲ.

ಪರಿಹಾರಕ್ಕೆ ಮನಶ್ಶಾಸ್ತ್ರಜ್ಞರಾದ ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿ ಮಂಡಿಸಿದ ವಿಂಗಡಣೆ ಸಾಕು: ಸಮಸ್ಯೆಯನ್ನೇ ಹಿಡಿಯುವುದು, ಭಾವನೆಯನ್ನು ಸಂಭಾಳಿಸುವುದು. ಯಾವುದನ್ನು ಆರಿಸಬೇಕು ಎನ್ನುವುದು ಕಾರಣ ಆ ವ್ಯಕ್ತಿಯ ಕೈಯಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ಅಧಿಕಾರಿ ಎರಡೂ ಆದೇಶಗಳನ್ನು ಲಿಖಿತವಾಗಿ ಮುಂದಿಟ್ಟು, ಯಾವುದಕ್ಕೆ ಆದ್ಯತೆ ಎಂದು ವ್ಯವಸ್ಥಾಪಕರನ್ನು ಕೇಳಬಹುದು. ಅಷ್ಟು ಅವರ ಕೈಯಲ್ಲಿದೆ, ಆದ್ದರಿಂದ ಅದು ಸಮಸ್ಯೆಯನ್ನು ಹಿಡಿಯುವ ಕ್ರಮ. ಗುರಿಯ ಸಂಖ್ಯೆ ಇಳಿಸುವುದು ಅವರ ಕೈಯಲ್ಲಿಲ್ಲ. ಉತ್ತರ ಬರುವವರೆಗೆ ಸಹೋದ್ಯೋಗಿಯ ಬೆಂಬಲ, ಆಪ್ತಸಮಾಲೋಚನೆ, ವ್ಯಾಯಾಮ ಇವೆಲ್ಲ ಭಾವನೆಯನ್ನು ಸಂಭಾಳಿಸುತ್ತವೆ. ಕುಡಿತದ ಜಾಗಕ್ಕೆ ಬರಬೇಕಾದವು ಇವೇ. ಯೋಗ ಬರೆಯುವುದಿದ್ದರೆ ಇಲ್ಲಿ ಬರೆಯಿರಿ, ಒಂದೇ ಸಾಲು.

ಅಷ್ಟಕ್ಕೇ ನಿಲ್ಲಿಸಬೇಡಿ. ಎರಡು ಕಚೇರಿಗಳು ಹುಟ್ಟಿಸಿದ ಸಂಘರ್ಷವನ್ನು ನೌಕರರೊಬ್ಬರ ಉಸಿರಾಟದ ವ್ಯಾಯಾಮಕ್ಕೆ ಹೊರಿಸುವುದು ತಪ್ಪು ಉತ್ತರ, ಅನ್ಯಾಯದ ಉತ್ತರ ಕೂಡ. ಶಾಖೆ ಮತ್ತು ಪ್ರಾದೇಶಿಕ ಕಚೇರಿ ಕೂತು ಒಂದೇ ಗುರಿ ನಿಗದಿ ಮಾಡಬೇಕು, ಮನೆ ಪರಿಶೀಲನೆಗೆ ಬೇರೆ ಸಿಬ್ಬಂದಿ ಕೊಡಬೇಕು, ಇಲ್ಲವೇ ಸಣ್ಣ ಸಾಲಗಳಿಗೆ ಅದರಿಂದ ವಿನಾಯಿತಿ ಕೊಡಬೇಕು. 10 ಅಂಕದ ಪ್ರಶ್ನೆಯಾದರೆ ಈ ಸಂಸ್ಥೆಯ ಮಟ್ಟದ ಕ್ರಮಗಳಿಗೆ ಕನಿಷ್ಠ ಅರ್ಧ ಪುಟ ಉಳಿಸಿಕೊಂಡು ಬರೆಯಲು ಶುರು ಮಾಡಿ, ಮತ್ತು ಪ್ರತಿ ಕ್ರಮದ ಎದುರು ಅದು ಪ್ರಕರಣದ ಯಾವ ವಾಕ್ಯಕ್ಕೆ ಉತ್ತರ ಎಂಬುದನ್ನು ನಮೂದಿಸಿ.