ಹಾಸ್ಟೆಲ್‌ಗೆ ಏನು ತರಬೇಕು, ಏನು ಬೇಡ: ಪೋಷಕರಿಗೆ ಪತ್ರ ಬರೆಯುವುದು ಹೇಗೆ?

ಜೂನ್ ಮೊದಲ ವಾರದಲ್ಲಿ ಮೂಡಿಗೆರೆ ಕಡೆಯ ಹಾಸ್ಟೆಲ್‌ಗಳ ಬಾಗಿಲಲ್ಲಿ ಈ ಜಗಳ ಇದ್ದದ್ದೇ. ಕಡೂರಿನಿಂದ ಬಂದ ತಂದೆ ಹತ್ತಿಯ ಹಾಸಿಗೆ ಹೊತ್ತು ನಿಂತಿರುತ್ತಾರೆ. ‘ಪತ್ರದಲ್ಲಿ ತಿಳಿಸಿದ್ದೆವಲ್ಲ’ ಎನ್ನುತ್ತಾರೆ ವಾರ್ಡನ್. ತಿಳಿಸಿದ್ದು ‘ಸೂಕ್ತ ಹಾಸಿಗೆ’ ಎಂದಷ್ಟೇ. ಬಯಲುಸೀಮೆಯವರಿಗೆ ಹತ್ತಿಯದೇ ಸೂಕ್ತ; ಮಲೆನಾಡಿನ ಮಳೆಯಲ್ಲಿ ಅದು ತೇವ ಹೀರಿ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

1. ಶುಲ್ಕ ಕಟ್ಟಿದ ದಿನವೇ ಪತ್ರ ಕೈಗೆ ಕೊಡಿ. ಒಂದೇ ಹಾಳೆ ಸಾಕು.

2. ತರಬೇಕಾದ ವಸ್ತುಗಳನ್ನು ಎಣಿಕೆಯಲ್ಲಿ ಬರೆಯಿರಿ. ‘ಅಗತ್ಯವಿರುವಷ್ಟು ಬಟ್ಟೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಜುಲೈನಲ್ಲಿ ಒಗೆದ ಬಟ್ಟೆ ಒಣಗಲು ಮೂರು ನಾಲ್ಕು ದಿನವಾದರೂ ಬೇಕು. ಹಾಗಾಗಿ ಒಳ ಉಡುಪು ಎಂಟು ಜೊತೆ, ಸಮವಸ್ತ್ರ ಮೂರು ಜೊತೆ. ಜೀನ್ಸ್ ಒಣಗುವುದೇ ಇಲ್ಲ, ಬೇಡವೆಂದು ಬರೆಯಿರಿ. ರೇನ್‌ಕೋಟ್ ದಪ್ಪನೆಯದಿರಲಿ, ಬಸ್ ನಿಲ್ದಾಣದ ಬಳಿ ಮಾರುವ ತೆಳು ಪ್ಲಾಸ್ಟಿಕ್ಕಿನದು ವಾರದೊಳಗೆ ಕಂಕುಳಲ್ಲಿ ಹರಿಯುತ್ತದೆ.

3. ಹೆಚ್ಚಿನವರು ಎಡವುವುದು ತರಬಾರದ ವಸ್ತುಗಳ ವಿಷಯದಲ್ಲಿ. ‘ವಿದ್ಯುತ್ ಉಪಕರಣ ನಿಷೇಧ’ ಎಂದು ಬರೆದರೆ ತಾಯಂದಿರು ಇಸ್ತ್ರಿ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು, ನೀರು ಕಾಯಿಸುವ ಕಾಯಿಲ್ ಅನ್ನು ಟವೆಲ್‌ನಲ್ಲಿ ಸುತ್ತಿ ಕಳುಹಿಸುತ್ತಾರೆ. ಮಗು ತಣ್ಣೀರು ಸ್ನಾನ ಮಾಡಬಾರದಲ್ಲ! ಆ ಚಿಂತೆಗೆ ಉತ್ತರವಿಲ್ಲದ ನಿಷೇಧವನ್ನು ಯಾರೂ ಪಾಲಿಸುವುದಿಲ್ಲ. ವಸ್ತುವಿನ ಹೆಸರು, ಕಾರಣ, ಬದಲಿ ವ್ಯವಸ್ಥೆ, ಸಿಕ್ಕಿಬಿದ್ದರೆ ಏನು ಎಂಬ ನಾಲ್ಕನ್ನೂ ಒಟ್ಟಿಗೆ ಹೇಳಬೇಕು. ಹೀಗೆ:

‘ನೀರು ಕಾಯಿಸುವ ಕಾಯಿಲ್, ಕೆಟಲ್, ಇಸ್ತ್ರಿ ಪೆಟ್ಟಿಗೆ ತರಬಾರದು. ಕೋಣೆಯ ಪ್ಲಗ್ 6 ಆಂಪಿಯರ್‌ನದು. 1500 ವಾಟ್‌ನ ಕಾಯಿಲ್ ಹಾಕಿದರೆ ಪ್ಲಗ್ ಮತ್ತು ವೈರ್ ಕಾದು ಸುಡುವ ಅಪಾಯವಿದೆ. ಬೆಳಿಗ್ಗೆ 5.30ರಿಂದ 7ರವರೆಗೆ ಬಿಸಿನೀರು ಕೊಡುತ್ತೇವೆ. ಇಂಥ ವಸ್ತು ಸಿಕ್ಕಿದರೆ ಕಚೇರಿಯಲ್ಲಿಟ್ಟು, ನೀವು ಬಂದಾಗ ಹಿಂದಿರುಗಿಸುತ್ತೇವೆ.’

ಬಿಸಿನೀರಿನ ವ್ಯವಸ್ಥೆ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ಈ ಸಾಲು ಬರೆಯಿರಿ. ಪಕ್ಕದ ಹಾಸ್ಟೆಲ್‌ನ ಪತ್ರ ತಂದು ಹೆಸರು ಬದಲಿಸಿ ಜೆರಾಕ್ಸ್ ಹೊಡೆಸುವವರಿದ್ದಾರೆ. ತಮ್ಮ ಹಾಸ್ಟೆಲ್‌ನಲ್ಲಿ ಇಲ್ಲದ ಗೀಸರ್ ಅವರ ಪತ್ರದಲ್ಲಿರುತ್ತದೆ.

4. ತಿಂಡಿಯನ್ನು ಪೂರ್ತಿ ನಿಷೇಧಿಸಬೇಡಿ, ಕದ್ದು ತರುತ್ತಾರೆ. ಕೋಡುಬಳೆ, ಚಕ್ಕುಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿಯುತ್ತದೆ. ಗಾಜಿನ ಬಾಟಲಿಯ ಉಪ್ಪಿನಕಾಯಿ ಬೇಡ.

5. ಚಿನ್ನ ಬೇಡ. ಟ್ರಂಕಿಗೆ ಎರಡು ಕೀಲಿ, ಒಂದು ವಾರ್ಡನ್ ಬಳಿ.

6. ಹಾಳೆಯ ಕೆಳಗೆ ಹರಿದುಕೊಡುವ ಚೀಟಿ ಇರಲಿ. ಮಗು ನಿತ್ಯ ತೆಗೆದುಕೊಳ್ಳುವ ಮಾತ್ರೆ, ಹೊತ್ತು, ಒಗ್ಗದ ಔಷಧಿ, ರಾತ್ರಿ ಕರೆದರೆ ಸಿಗುವ ಫೋನ್ ಸಂಖ್ಯೆ ಎಲ್ಲವನ್ನೂ ಪೋಷಕರೇ ತುಂಬಿ ಸಹಿ ಹಾಕಲಿ. ವೈದ್ಯರ ಚೀಟಿಯಿಲ್ಲದ ಮಾತ್ರೆಯನ್ನು ಒಳಗೆ ಬಿಡಬೇಡಿ. ದಮ್ಮಿನ ಇನ್ಹೇಲರ್ ಮಾತ್ರ ಕಚೇರಿಯ ಬೀರುವಿನಲ್ಲಿ ಅಲ್ಲ, ಮಗುವಿನ ಬಳಿಯೇ ಇರಬೇಕು.